ಕೇಳಿದ ಬೇರಿಂಗ್ ಅಂಗಡಿಯಲ್ಲಿ ಇಲ್ಲದಾಗ: ಗಿರಾಕಿಗೆ ಹೇಳುವ, ಬದಲಿ ಸೂಚಿಸುವ, ಆರ್ಡರ್ ಬರೆದುಕೊಳ್ಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇರಿಂಗ್, ಬೆಲ್ಟ್ ಮತ್ತು ಆಯಿಲ್ ಸೀಲ್ ಮಾರುವ ಅಂಗಡಿಗಳ ಕೌಂಟರಿನಲ್ಲಿ ನಿಲ್ಲುವವರಿಗೂ ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುವವರಿಗೂ ಈ ಪುಟವನ್ನು ಬರೆಯಲಾಗಿದೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆಯ ಅಕ್ಕಿ ಗಿರಣಿಗಳು, ಹಿಟ್ಟಿನ ಗಿರಣಿಗಳು ಮತ್ತು ಮೋಟಾರ್ ರಿವೈಂಡಿಂಗ್ ಅಂಗಡಿಗಳು ನಮ್ಮ ಮುಖ್ಯ ಗಿರಾಕಿಗಳು. ಇವರು ಮಾಲು ಕೇಳುವುದು ಯಂತ್ರ ನಿಂತ ಮೇಲೆ. ಹೀಗಾಗಿ ‘ಆ ಮಾಲು ಇಲ್ಲ’ ಎಂಬ ಮಾತನ್ನು ಹೇಗೆ ಹೇಳಬೇಕು, ಅದರ ಬೆನ್ನಿಗೆ ಏನು ಹೇಳಬೇಕು ಎಂಬುದು ಇಲ್ಲಿ ಬರಿಯ ಸೌಜನ್ಯದ ಪ್ರಶ್ನೆಯಲ್ಲ.

ಕಂಪ್ಯೂಟರಿನಲ್ಲಿ ಸ್ಟಾಕ್ ಸೊನ್ನೆ ಎಂದು ತೋರಿಸುತ್ತಿದೆ. ತಕ್ಷಣ ‘ಇಲ್ಲ’ ಎಂದುಬಿಡಬಹುದೇ?

ಬೇಡ. ಮೊದಲು ರ‍್ಯಾಕ್ ನೋಡಿ ಬನ್ನಿ. ಒಂದೇ ಸಂಖ್ಯೆಯ ಬೇರಿಂಗ್ ನಾಲ್ಕು ಬಗೆಯಲ್ಲಿ ಬರುವುದರಿಂದ, ಬಿಲ್ ಹಾಕುವ ಅವಸರದಲ್ಲಿ 6205-2RS ಕೊಟ್ಟು 6205-ZZ ಎಂದು ನಮೂದಿಸಿರುವುದು ಎಲ್ಲ ಅಂಗಡಿಗಳಲ್ಲೂ ನಡೆಯುತ್ತದೆ. ಆಗ ಒಂದರ ಲೆಕ್ಕ ಇರುವುದಕ್ಕಿಂತ ಕಡಿಮೆಯಾಗಿ, ಇನ್ನೊಂದರದ್ದು ಹೆಚ್ಚಾಗಿ ಕಾಣುತ್ತದೆ. ಟ್ಯಾಲಿಯಲ್ಲಿ ಒಂದು ಐಟಂ ಮೈನಸ್ ತೋರಿಸುತ್ತಿದ್ದರೆ, ಅದರ ಅಕ್ಕಪಕ್ಕದ ಐಟಂಗಳ ಲೆಕ್ಕವನ್ನೂ ನಂಬಬಾರದು.

ರ‍್ಯಾಕಿನಲ್ಲೂ ಸಿಗದಿದ್ದರೆ, ಯಾಕೆ ಇಲ್ಲ ಎಂಬುದನ್ನು ತಿಳಿದುಕೊಂಡೇ ಗಿರಾಕಿಗೆ ಉತ್ತರ ಕೊಡಿ. ಮಾಲು ನಮ್ಮ ಗೋದಾಮಿನಲ್ಲಿದ್ದು ಇಲ್ಲಿಗೆ ತರುವುದಷ್ಟೇ ಬಾಕಿ ಇರಬಹುದು. ಇದ್ದ ಮಾಲನ್ನು ಬೇರೊಬ್ಬರು ಮುಂಗಡ ಕೊಟ್ಟು ಕಾಯ್ದಿರಿಸಿರಬಹುದು. ನಿಜವಾಗಿಯೂ ಮುಗಿದಿದ್ದು ಬೆಂಗಳೂರಿನ ವಿತರಕರಲ್ಲಿ ಲಭ್ಯವಿರಬಹುದು. ಇಲ್ಲವೇ ಕಂಪನಿಯೇ ಆ ಮಾದರಿಯನ್ನು ತಯಾರಿಸುವುದನ್ನು ನಿಲ್ಲಿಸಿರಬಹುದು. ಮೊದಲನೆಯದಕ್ಕೆ ಅರ್ಧ ಗಂಟೆ ಸಾಕು, ಕೊನೆಯದಕ್ಕೆ ಎಷ್ಟು ಕಾದರೂ ಮಾಲು ಬರುವುದಿಲ್ಲ. ನಾಲ್ಕಕ್ಕೂ ‘ಸ್ಟಾಕ್ ಇಲ್ಲರೀ’ ಎಂಬ ಒಂದೇ ಮಾತು ಹೇಳಿದರೆ, ಗಿರಾಕಿಗೆ ಕಾಯಬೇಕೋ ಬೇರೆ ದಾರಿ ನೋಡಬೇಕೋ ಎಂಬುದು ಗೊತ್ತಾಗುವುದೇ ಇಲ್ಲ.

ಬೋಣಿಯ ಹೊತ್ತಿನಲ್ಲಿ ‘ಇಲ್ಲ’ ಎನ್ನಬಾರದು ಎಂದು ಹಿರಿಯರು ಹೇಳುತ್ತಾರೆ. ಆಗ ಏನು ಮಾಡಬೇಕು?

ಆ ಪದವನ್ನು ಬಾಯಿಗೆ ತರಲು ಹಿಂಜರಿದರೆ ‘ಆ ಮಾಲು ಖಾಲಿಯಾಗಿದೆ’ ಎನ್ನಿ, ‘ತರಿಸಬೇಕು’ ಎನ್ನಿ. ಆದರೆ ಸಂಗತಿಯನ್ನು ಮುಚ್ಚಿಡಬೇಡಿ. ‘ಬನ್ನಿ, ಕೂತ್ಕೊಳ್ಳಿ, ನೋಡೋಣ’ ಎಂದು ಚಹಾ ತರಿಸಿ, ಆ ನಡುವೆ ಹುಡುಗನನ್ನು ಮೂರು ಅಂಗಡಿಗೆ ಓಡಿಸಿ, ಕೊನೆಗೆ ‘ಸಿಗಲಿಲ್ಲರೀ’ ಎನ್ನುವ ಪದ್ಧತಿ ನಮ್ಮ ಬಜಾರಿನಲ್ಲಿ ಬಹಳ ಹಳೆಯದು. ಗಿರಣಿ ನಿಂತಿರುವವನಿಗೆ ಆ ಮುಕ್ಕಾಲು ಗಂಟೆ ತುಂಬ ದುಬಾರಿಯಾದದ್ದು.

ಕೇಳಿದ್ದು ನಮ್ಮಲ್ಲಿ ಇಲ್ಲ ಎಂಬುದು ಮೊದಲ ವಾಕ್ಯದಲ್ಲೇ ಬರಲಿ. ಈಗಲೇ ಏನು ಕೊಡಬಹುದು ಎಂಬುದು ಎರಡನೆಯದಾಗಲಿ, ಕೇಳಿದ್ದೇ ಬೇಕಿದ್ದರೆ ಯಾವಾಗ ಬರುತ್ತದೆ ಎಂಬುದು ಮೂರನೆಯದಾಗಲಿ. ಕ್ಷಮೆ ಕೇಳುವುದಿದ್ದರೆ ಒಮ್ಮೆ ಕೇಳಿದರೆ ಸಾಕು. ‘ಕಂಪನಿಯವರೇ ಕಳಿಸಿಲ್ಲ, ಲಾರಿಯವರದ್ದೇ ತಪ್ಪು’ ಎಂಬ ವಿವರಣೆಯನ್ನು ಯಾರೂ ಕೇಳಿರುವುದಿಲ್ಲ.

ಬದಲಿ ಸೂಚಿಸುವ ಮೊದಲು ಗಿರಾಕಿಯಿಂದ ಏನು ತಿಳಿದುಕೊಳ್ಳಬೇಕು?

ಬೇರಿಂಗ್ ಯಾವ ಯಂತ್ರದ ಯಾವ ಜಾಗದಲ್ಲಿ ಕೂರುತ್ತದೆ ಎಂಬುದನ್ನು ಮೊದಲು ಕೇಳಿ. ಉಳಿದ ಪ್ರಶ್ನೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ. ಮೋಟಾರಿನ ಒಳಗಿನದಾದರೆ ಬಿಸಿಯ ಬಗ್ಗೆ, ಹೊಟ್ಟು ಹಾರುವ ಎಲಿವೇಟರಿನದಾದರೆ ದೂಳಿನ ಬಗ್ಗೆ, ಪಂಪಿನದಾದರೆ ನೀರಿನ ಬಗ್ಗೆ ವಿಚಾರಿಸಬೇಕು. ಆಮೇಲೆ ಯಂತ್ರ ಈಗ ನಿಂತಿದೆಯೋ, ಸದ್ದು ಮಾಡುತ್ತಾ ಓಡುತ್ತಿದೆಯೋ ಎಂದು ಕೇಳಿ. ಸದ್ದಷ್ಟೇ ಬರುತ್ತಿದ್ದರೆ, ಹೊಂದಾಣಿಕೆಯ ಬದಲಿಗಿಂತ ಎರಡು ದಿನ ಕಾದು ಸರಿಯಾದದ್ದನ್ನೇ ತರಿಸುವುದು ಅವರಿಗೆ ಲೇಸಾಗಬಹುದು.

ಹಳೆಯ ಬೇರಿಂಗಿನ ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಹೇಳಿ. ಸಂಖ್ಯೆ ಅಳಿಸಿಹೋಗಿದ್ದರೆ ಒಳವ್ಯಾಸ, ಹೊರವ್ಯಾಸ ಮತ್ತು ಅಗಲವನ್ನು ವರ್ನಿಯರ್‌ನಲ್ಲಿ ಅಳೆಯಿಸಿ. ಫೋನಿನಲ್ಲಿ ‘ಆರುಸಾವಿರದ ಇನ್ನೂರೈದು ಕೊಡ್ರಿ’ ಎಂದಷ್ಟೇ ಕೇಳಿ ಬದಲಿ ಸೂಚಿಸುವುದು ಅರ್ಧ ವಿಳಾಸ ಹಿಡಿದು ಮನೆ ಹುಡುಕಿದಂತೆ.

ಬೇರಿಂಗ್ ಸಂಖ್ಯೆಯಲ್ಲಿ ಯಾವ ಭಾಗ ಬದಲಾದರೆ ನಡೆಯುತ್ತದೆ, ಯಾವುದು ಬದಲಾಗಲೇಬಾರದು?

6205-2RS C3 ಎಂಬುದನ್ನೇ ತೆಗೆದುಕೊಳ್ಳೋಣ. ಇಲ್ಲಿ 6205 ಎಂಬುದು ಅಳತೆ. ಕೊನೆಯ ಎರಡು ಅಂಕಿಯಾದ 05 ಅನ್ನು ಐದರಿಂದ ಗುಣಿಸಿದರೆ ಒಳವ್ಯಾಸ 25 ಮಿ.ಮೀ. ಎಂದು ಸಿಗುತ್ತದೆ. ಹೊರವ್ಯಾಸ 52, ಅಗಲ 15 ಮಿ.ಮೀ. ಯಾವ ದೊಡ್ಡ ಕಂಪನಿಯದಾದರೂ ಈ ಮೂರು ಅಳತೆಗಳು ಒಂದೇ. ಈ ಭಾಗಕ್ಕೆ ಬದಲಿ ಎಂಬುದಿಲ್ಲ. ಒಳವ್ಯಾಸ ಒಂದೇ ಇದೆ ಎಂದು 6305 ಕೊಟ್ಟರೆ ಅದರ ಹೊರವ್ಯಾಸ 62 ಮಿ.ಮೀ. ಇರುವುದರಿಂದ ಹೌಸಿಂಗ್‌ನೊಳಗೆ ಹೋಗುವುದೇ ಇಲ್ಲ. ಬುಷ್ ಹಾಕಿ, ಲೇತ್‌ನಲ್ಲಿ ತಿರುಗಿಸಿ ಕೂರಿಸಿಬಿಡೋಣ ಎಂಬ ಸಲಹೆ ಅಂಗಡಿಯವರ ಬಾಯಿಂದ ಬರಬಾರದು. ಅದನ್ನು ಫಿಟ್ಟರ್ ಯಂತ್ರವನ್ನು ಕಣ್ಣಾರೆ ನೋಡಿ ತೀರ್ಮಾನಿಸಬೇಕು.

2RS ಎಂದರೆ ಎರಡೂ ಬದಿಗೆ ರಬ್ಬರ್ ಸೀಲ್ ಇದೆ ಎಂದು. ZZ ಎಂದರೆ ಎರಡೂ ಬದಿಗೆ ತಗಡಿನ ಮುಚ್ಚಳ. ರಬ್ಬರ್ ಸೀಲ್ ಒಳರಿಂಗಿಗೆ ತಾಗಿಕೊಂಡೇ ಇರುವುದರಿಂದ ದೂಳು ಮತ್ತು ನೀರನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಆ ತಿಕ್ಕಾಟದಿಂದಾಗಿ ಅದರ ವೇಗದ ಮಿತಿ ಕಡಿಮೆ. ತಗಡಿನ ಮುಚ್ಚಳ ಒಳರಿಂಗಿಗೆ ತಾಗುವುದಿಲ್ಲ. ಕೂದಲೆಳೆಯಷ್ಟು ಸಂದು ಉಳಿದಿರುತ್ತದೆ. ಹೀಗಾಗಿ ಹೆಚ್ಚು ವೇಗಕ್ಕೆ ಒಗ್ಗುತ್ತದೆ, ಆದರೆ ಆ ಸಂದಿನಲ್ಲಿ ಹೊಟ್ಟಿನ ನವುರು ಪುಡಿ ನುಸುಳುತ್ತದೆ. 1,440 ಸುತ್ತಿನ ಸಾಮಾನ್ಯ ಮೋಟಾರಿನಲ್ಲಿ ವೇಗ ಎರಡಕ್ಕೂ ಅಡ್ಡಿಯಲ್ಲ, ಆದ್ದರಿಂದ ನೋಡಬೇಕಾದದ್ದು ದೂಳನ್ನು ಮತ್ತು ನೀರನ್ನು ಮಾತ್ರ. ಸ್ವಚ್ಛ ಜಾಗದಲ್ಲಿ ZZ ಬದಲಿಗೆ 2RS ಕೊಡಬಹುದು, 2RS ಬದಲಿಗೆ ZZ ಕೊಡುವುದನ್ನೂ ಒಪ್ಪಬಹುದು. ಗಿರಣಿಯ ಒಳಗಾದರೆ 2RS ಕೇಳಿದವರಿಗೆ ZZ ಎಂಬುದು ತಾತ್ಕಾಲಿಕ ಏರ್ಪಾಡು ಮಾತ್ರ, ಮತ್ತು ಅದನ್ನು ಹಾಗೆಂದು ಹೇಳಿಯೇ ಕೊಡಬೇಕು. ಮುಚ್ಚಳವೇ ಇಲ್ಲದ ಬರಿಯ 6205 ಕೊಡುವುದಾದರೆ, ಅದಕ್ಕೆ ಗ್ರೀಸ್ ತುಂಬಬೇಕು ಎಂಬ ಮಾತು ಬಿಟ್ಟುಹೋಗಬಾರದು.

C3 ಬಗ್ಗೆ ತಕರಾರು ಹೆಚ್ಚು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಬೇರಿಂಗಿನ ಒಳಗೆ ಗುಂಡು ಮತ್ತು ರಿಂಗಿನ ನಡುವಿನ ಸಡಿಲ ಮಾಮೂಲಿಗಿಂತ ಹೆಚ್ಚಿದೆ ಎಂಬುದು ಅದರ ಅರ್ಥ. ಮೋಟಾರ್ ಓಡುವಾಗ ಒಳರಿಂಗ್ ಹೊರರಿಂಗಿಗಿಂತ ಹೆಚ್ಚು ಬಿಸಿಯಾಗಿ ಹಿಗ್ಗುತ್ತದೆ, ಆ ಹಿಗ್ಗುವಿಕೆಗೆ ಜಾಗ ಬೇಕೆಂದು C3 ಹಾಕಿರುತ್ತಾರೆ. C3 ಇದ್ದ ಕಡೆ ಮಾಮೂಲಿ ಸಡಿಲದ್ದನ್ನು ಹಾಕಿದರೆ ಮೊದಲ ದಿನ ಯಾವ ವ್ಯತ್ಯಾಸವೂ ತಿಳಿಯದಿರಬಹುದು. ಆಮೇಲೆ ಬೇರಿಂಗ್ ಕವರಿನ ಮೇಲೆ ಕೈ ಇಡಲಾಗದಷ್ಟು ಬಿಸಿ ಏರಿ, ಗ್ರೀಸ್ ಕರಗಿ ಹೊರಬಂದು, ಕೀಚಲು ಸದ್ದು ಶುರುವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಮಾಮೂಲಿ ಇದ್ದ ಕಡೆ C3 ಹಾಕಿದರೆ ತುಸು ಸದ್ದು ಹೆಚ್ಚಬಹುದು, ಅದಕ್ಕಿಂತ ದೊಡ್ಡ ಹಾನಿ ಸಾಮಾನ್ಯವಾಗಿ ಆಗುವುದಿಲ್ಲ. ಅಂದರೆ ಈ ಬದಲಿ ಒಂದೇ ದಿಕ್ಕಿನದು. ಮೋಟಾರಿಗೆ C3 ಕೇಳಿದವರಿಗೆ C3 ಇಲ್ಲದ್ದನ್ನು ‘ಎಲ್ಲಾ ಒಂದೇರೀ’ ಎಂದು ಕೊಡಬೇಡಿ.

ಕೇಳಿದ ಬ್ರಾಂಡ್ ಇಲ್ಲ, ಬೇರೆ ಬ್ರಾಂಡ್ ಇದೆ. ಅದನ್ನು ಬದಲಿ ಎಂದು ಹೇಳಬಹುದೇ?

ಅಳತೆ, ಸೀಲ್, ಸಡಿಲ ಮೂರೂ ಹೊಂದಿದರೆ ಹೇಳಬಹುದು. ಎಲ್ಲ ಬದಲಿಗಳಲ್ಲಿ ಇದೇ ಅತ್ಯಂತ ಸುರಕ್ಷಿತ. ಒಂದು ತೊಡಕಿದೆ: ಒಂದೇ ಬಗೆಯ ಸೀಲಿಗೆ ಕಂಪನಿಗಳು ಬೇರೆ ಬೇರೆ ಗುರುತು ಹಾಕುತ್ತವೆ. ಎಸ್‌ಕೆಎಫ್‌ನಲ್ಲಿ 2RS1 ಅಥವಾ 2RSH ಎಂದಿರುವುದು ಎನ್‌ಎಸ್‌ಕೆಯಲ್ಲಿ DDU, ಎನ್‌ಟಿಎನ್‌ನಲ್ಲಿ LLU ಎಂದಿರುತ್ತದೆ. ಡಬ್ಬಿಯ ಮೇಲೆ 2RS ಕಾಣದ ಗಿರಾಕಿ ‘ಇದು ಅದಲ್ಲ’ ಎಂದು ವಾಪಸ್ ಬರುತ್ತಾರೆ. ಅವರ ಅನುಮಾನ ತಪ್ಪಲ್ಲ. ಬಿಲ್ಲಿನಲ್ಲೇ ‘2RS ಬದಲಿಗೆ DDU, ಎರಡೂ ರಬ್ಬರ್ ಸೀಲ್’ ಎಂದು ಒಂದು ಸಾಲು ಬರೆದುಕೊಟ್ಟರೆ ಆ ಓಡಾಟ ತಪ್ಪುತ್ತದೆ.

ಹೆಸರಾಂತ ಬ್ರಾಂಡ್ ಖಾಲಿಯಾದ ಹೊತ್ತಿನಲ್ಲೇ ನಕಲಿ ಡಬ್ಬಿಗಳು ಅಗ್ಗದ ದರದಲ್ಲಿ ಬಾಗಿಲಿಗೆ ಬರುತ್ತವೆ ಎಂಬುದು ಈ ವ್ಯಾಪಾರದಲ್ಲಿರುವ ಎಲ್ಲರಿಗೂ ಗೊತ್ತು. ಅಧಿಕೃತ ವಿತರಕರ ಬಿಲ್ ಇಲ್ಲದ ಮಾಲನ್ನು ‘ಅದೇ ಬ್ರಾಂಡ್’ ಎಂದು ಕೊಡುವುದಕ್ಕಿಂತ, ಬಿಲ್ ಇರುವ ಬೇರೆ ಬ್ರಾಂಡನ್ನು ಅದರದೇ ಹೆಸರಿನಲ್ಲಿ ಕೊಡುವುದು ಎಷ್ಟೋ ಮೇಲು.

ಒಂದು ನಿಜವಾದ ಸಂದರ್ಭದಲ್ಲಿ ಮಾತು ಹೇಗೆ ಸಾಗಬೇಕು ಎಂದು ತೋರಿಸಬಹುದೇ?

ಭತ್ತದ ಕೊಯ್ಲಿನ ಕಾಲ. ಕಾರಟಗಿಯ ಗಿರಣಿಯೊಂದರಿಂದ ಬೆಳಿಗ್ಗೆ ಹನ್ನೊಂದಕ್ಕೆ ಫೋನು. ಎಲಿವೇಟರಿನ ಎರಡು ಎಚ್‌ಪಿ ಮೋಟಾರಿಗೆ ಒಂದು ನಿರ್ದಿಷ್ಟ ಬ್ರಾಂಡಿನ 6205-2RS C3 ಎರಡು ಬೇಕು, ಮೋಟಾರ್ ಬಿಚ್ಚಿ ಇಟ್ಟಿದ್ದಾರೆ. ನಮ್ಮ ರ‍್ಯಾಕಿನಲ್ಲಿ ಆ ಬ್ರಾಂಡಿನ 2RS C3 ಮುಗಿದಿದೆ. ಅದೇ ಬ್ರಾಂಡಿನ ZZ C3 ಎರಡಿವೆ, ಬೇರೆ ಬ್ರಾಂಡಿನ 2RS C3 ಒಂದಿದೆ, C3 ಅಲ್ಲದ 2RS ಬೇಕಾದಷ್ಟಿವೆ.

ಕೊನೆಯದನ್ನು ಮೊದಲೇ ಬದಿಗಿಡಬೇಕು. ಕೈಗೆ ಸಿಗುವ ಮಾಲು ಅದೇ ಆಗಿರುವುದರಿಂದ ಕೈ ಅದರತ್ತಲೇ ಹೋಗುತ್ತದೆ, ಆದರೆ ಮೇಲೆ ಹೇಳಿದಂತೆ ಮೋಟಾರಿಗೆ ಅದು ಬದಲಿಯಲ್ಲ. ಉಳಿದ ಎರಡರ ಬಗ್ಗೆ ಯೋಚಿಸೋಣ. ಮೋಟಾರಿನ ಎರಡು ತುದಿಗಳ ಬೇರಿಂಗುಗಳು ಒಂದೇ ಬ್ರಾಂಡಿನವೇ ಆಗಿರಬೇಕೆಂದಿಲ್ಲ. ಪ್ರತಿಯೊಂದೂ ತನ್ನ ತುದಿಯಲ್ಲಿ ತಾನು ಕೆಲಸ ಮಾಡುತ್ತದೆ. ಪುಲ್ಲಿ ಇರುವ ತುದಿಗೆ ಬೆಲ್ಟಿನ ಎಳೆತದಿಂದ ಭಾರ ಹೆಚ್ಚು. ಅಲ್ಲಿಗೆ ಬೇರೆ ಬ್ರಾಂಡಿನ 2RS C3 ಹಾಕಿದರೆ ಅದು ಪೂರ್ಣ ಬದಲಿ. ಫ್ಯಾನ್ ಇರುವ ತುದಿಗೆ ZZ C3 ಹಾಕಬಹುದು, ಆದರೆ ಅದನ್ನು ಸೀಸನ್ ಮುಗಿದ ಮೇಲೆ ಬದಲಿಸಬೇಕು ಎಂಬ ಷರತ್ತಿನ ಮೇಲೆ. ಇದನ್ನು ಗಿರಾಕಿಗೆ ಹೀಗೆ ಹೇಳಬಹುದು:

“ಸಾಹುಕಾರ್ರೇ, ನೀವು ಹೇಳಿದ ಬ್ರಾಂಡಿನ 2RS C3 ಖಾಲಿಯಾಗಿದೆ. ಬೇರೆ ಬ್ರಾಂಡಿನದು, ಅದೇ ಅಳತೆ, ಅದೇ ರಬ್ಬರ್ ಸೀಲ್, C3 ಇರುವುದು ಒಂದಿದೆ. ಅದನ್ನು ಪುಲ್ಲಿ ಕಡೆ ಹಾಕಿಸಿ. ಫ್ಯಾನ್ ಕಡೆಗೆ ನಿಮ್ಮ ಬ್ರಾಂಡಿನದೇ ತಗಡಿನ ಮುಚ್ಚಳದ್ದು ಕೊಡುತ್ತೇನೆ. ಅದರೊಳಗೆ ದೂಳು ಬೇಗ ಸೇರುತ್ತದೆ, ಆದ್ದರಿಂದ ಈ ಸೀಸನ್ನಿಗೆ ಮಾತ್ರ. ನೀವು ಕೇಳಿದ ಎರಡೇ ಬೇಕೆಂದರೆ ಇವತ್ತು ಸಂಜೆಯ ಬಸ್ಸಿಗೆ ಬೆಂಗಳೂರಿನಿಂದ ಹಾಕಿಸುತ್ತೇನೆ, ನಾಳೆ ಬೆಳಿಗ್ಗೆ ಬರುತ್ತದೆ. ಯಾವುದು ಮಾಡಲಿ?”

ತೀರ್ಮಾನವನ್ನು ಅವರಿಗೇ ಬಿಟ್ಟಿರುವುದನ್ನು ಗಮನಿಸಿ. ಒಂದು ದಿನ ಗಿರಣಿ ನಿಲ್ಲಿಸುವುದು ಭಾರವೋ, ಎರಡು ತಿಂಗಳ ಮೇಲೆ ಮತ್ತೆ ಮೋಟಾರ್ ಬಿಚ್ಚುವುದು ಭಾರವೋ ಎಂಬ ಲೆಕ್ಕ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಅವರು ಬದಲಿಯನ್ನು ಒಪ್ಪಿದರೆ, ಕೇಳಿದ ಮಾಲಿಗೂ ಆರ್ಡರ್ ಬರೆದುಕೊಳ್ಳಬೇಕೇ ಎಂದು ವಿಚಾರಿಸಿ. ಸೀಸನ್ ಮುಗಿದಾಗ ಫ್ಯಾನ್ ಕಡೆಯದು ಹೇಗೂ ಬೇಕಾಗುತ್ತದೆ.

ಬೆಲ್ಟಿನಲ್ಲಿ ಒಂದು ಇಂಚು ಹೆಚ್ಚುಕಡಿಮೆ ಇರುವುದನ್ನು ಕೊಡಬಹುದೇ?

ಒಂಟಿ ಬೆಲ್ಟಿನ ಯಂತ್ರಕ್ಕೆ, ಮೋಟಾರನ್ನು ಹಿಂದೆ ಮುಂದೆ ಸರಿಸುವ ಅವಕಾಶ ಇದ್ದರೆ ಕೊಡಬಹುದು. B-60 ಇಲ್ಲದಾಗ B-61 ಹಾಕಿ, ಮೋಟಾರನ್ನು ತುಸು ಹಿಂದಕ್ಕೆ ಸರಿಸಿ ಬಿಗಿ ಮಾಡಿಕೊಳ್ಳುತ್ತಾರೆ. ಬೆಲ್ಟು ಮುಂದೆ ಹಿಗ್ಗಿದಾಗ ಮತ್ತೆ ಬಿಗಿ ಮಾಡಲು ಜಾಗ ಉಳಿದಿರುತ್ತದೆಯೇ ಎಂದು ಮಾತ್ರ ಕೇಳಿಕೊಳ್ಳಿ. ಅಕ್ಷರವನ್ನು ಬದಲಿಸುವಂತಿಲ್ಲ. B ಬೆಲ್ಟಿನ ಮೇಲಗಲ 17 ಮಿ.ಮೀ., ದಪ್ಪ 11 ಮಿ.ಮೀ.; A ಬೆಲ್ಟಿನದು 13 ಮತ್ತು 8 ಮಿ.ಮೀ. B ಪುಲ್ಲಿಯ ತೋಡಿನಲ್ಲಿ A ಬೆಲ್ಟು ತಳಕ್ಕೆ ಇಳಿದು ಜಾರತೊಡಗುತ್ತದೆ. ಬೆಲ್ಟಿಗೆ ಹಿಡಿತ ಸಿಗುವುದು ತೋಡಿನ ಪಕ್ಕಗಳಿಂದಲೇ ಹೊರತು ತಳದಿಂದಲ್ಲ.

ಒಂದೇ ಪುಲ್ಲಿಯಲ್ಲಿ ನಾಲ್ಕು ಬೆಲ್ಟು ಓಡುವ ಕಡೆ ಮಾತು ಬೇರೆ. ನಾಲ್ಕು ಕೇಳಿದವರಿಗೆ ‘ಎರಡಿದೆ, ಈಗ ಒಯ್ಯಿರಿ, ಉಳಿದೆರಡು ನಾಳೆ’ ಎನ್ನುವುದು ಸಹಾಯದಂತೆ ಕಂಡರೂ ಸಹಾಯವಲ್ಲ. ಹಳೆಯ ಬೆಲ್ಟುಗಳು ಹಿಗ್ಗಿರುತ್ತವೆ, ಹೊಸವು ಬಿಗಿಯಾಗಿರುತ್ತವೆ. ಇಡೀ ಭಾರ ಹೊಸ ಎರಡರ ಮೇಲೆ ಬಿದ್ದು, ಅವೇ ಮೊದಲು ಹರಿಯುತ್ತವೆ. ನಾಲ್ಕೂ ಒಂದೇ ಕಂಪನಿಯ, ಒಂದೇ ಉದ್ದದ ಸೆಟ್ ಆಗಿ ಬರುವವರೆಗೆ ಕಾಯುವುದು ಒಳ್ಳೆಯದು ಎಂದು ಹೇಳಿ, ಪೂರ್ತಿ ಸೆಟ್ಟನ್ನು ಆರ್ಡರಿಗೆ ಬರೆದುಕೊಳ್ಳಿ.

ಆಯಿಲ್ ಸೀಲಿನಲ್ಲಿ?

ಒಳವ್ಯಾಸ ಮತ್ತು ಹೊರವ್ಯಾಸ ಬದಲಾಗಬಾರದು. 35-52-7 ಇಲ್ಲದಾಗ 35-52-10 ಕೊಡಬಹುದೇ ಎಂಬುದು, ಸೀಲ್ ಕೂರುವ ಗೂಡು 10 ಮಿ.ಮೀ. ಆಳವಿದೆಯೇ ಎಂಬುದರ ಮೇಲೆ ನಿಂತಿದೆ. ಅಳೆದು ಹೇಳಲು ಫಿಟ್ಟರ್‌ಗೆ ತಿಳಿಸಿ. ಸಾಮಾನ್ಯ ನೈಟ್ರೈಲ್ ರಬ್ಬರಿನದು ಇಲ್ಲದಿದ್ದರೆ ವೈಟಾನ್‌ನದು ಕೊಡಬಹುದು, ಅದು ಹೆಚ್ಚು ಬಿಸಿ ತಾಳುತ್ತದೆ, ಬೆಲೆಯೂ ಹೆಚ್ಚು. ವೈಟಾನ್ ಕೇಳಿದವರಿಗೆ ನೈಟ್ರೈಲ್ ಕೊಡಬೇಡಿ. ಸುಮಾರು 100 ಡಿಗ್ರಿ ದಾಟಿದ ಮೇಲೆ ಅದು ಗಡುಸಾಗಿ ಸೀಳುತ್ತದೆ.

ಬದಲಿಯನ್ನು ಸೂಚಿಸಲೇಬಾರದ ಸಂದರ್ಭ ಇದೆಯೇ?

ಇದೆ. ದೊಡ್ಡ ರೋಲರ್ ಬೇರಿಂಗುಗಳಲ್ಲಿ ಒಂದು ಅಕ್ಷರವೇ ಎಲ್ಲವನ್ನೂ ಬದಲಿಸುತ್ತದೆ. ಕ್ರಷರಿನವರು 22220 EK C3 ಕೇಳುತ್ತಾರೆ, ನಮ್ಮಲ್ಲಿ 22220 E C3 ಇದೆ ಎನ್ನೋಣ. ಎರಡರ ಒಳವ್ಯಾಸವೂ ಹೆಸರಿಗೆ 100 ಮಿ.ಮೀ. ಆದರೆ K ಇರುವುದರ ತೂತು ಒಂದು ಬದಿಗೆ ಓರೆಯಾಗಿ ಅಗಲವಾಗುತ್ತಾ ಹೋಗುತ್ತದೆ, ಮತ್ತು ಅದು ಅಡಾಪ್ಟರ್ ಸ್ಲೀವ್‌ನ ಮೇಲೆ ಕೂರುತ್ತದೆ. ಅದಕ್ಕೆ ಹೊಂದುವ H320 ಸ್ಲೀವ್ ಹಾಕುವುದು 90 ಮಿ.ಮೀ. ಶಾಫ್ಟಿಗೆ. ಆ 90 ಮಿ.ಮೀ. ಶಾಫ್ಟಿನ ಮೇಲೆ ನೇರ ತೂತಿನ 100 ಮಿ.ಮೀ. ಬೇರಿಂಗ್ ನಿಲ್ಲುವುದಾದರೂ ಹೇಗೆ? ‘22220 ಇದೆ ಬನ್ನಿ’ ಎಂದು ಫೋನಿನಲ್ಲಿ ಹೇಳಿ, ಐವತ್ತು ಕಿಲೋಮೀಟರ್ ದೂರದಿಂದ ಜೀಪಿನಲ್ಲಿ ಕರೆಸಿಕೊಂಡರೆ ಆ ಗಿರಾಕಿ ಮತ್ತೆ ಫೋನ್ ಮಾಡುವುದಿಲ್ಲ. ಇಲ್ಲಿ ಉತ್ತರ ಒಂದೇ: “K ಇರುವುದು ಇಲ್ಲ, ನೇರ ತೂತಿನದು ನಿಮಗೆ ಬರುವುದಿಲ್ಲ, ತರಿಸಿಕೊಡಬೇಕು.” ಅದೇ ಮಾತಿನಲ್ಲಿ ಸ್ಲೀವ್ ಸರಿಯಾಗಿದೆಯೇ ಎಂದೂ ಕೇಳಿ. ಬೇರಿಂಗ್ ಬಂದ ದಿನ ಸ್ಲೀವ್ ಇಲ್ಲದೆ ಮತ್ತೊಂದು ಆರ್ಡರ್ ಹಾಕುವಂತಾಗಬಾರದು.

ಆರ್ಡರ್ ಬರೆದುಕೊಳ್ಳುವಾಗ ಗಿರಾಕಿಗೆ ಏನೇನು ಬರೆದು ಕೊಡಬೇಕು?

ಪೂರ್ಣ ಸಂಖ್ಯೆ, ಬ್ರಾಂಡ್, ಎಷ್ಟು ಬೇಕು, ದರ, ಬರುವ ದಿನ, ಮುಂಗಡ, ಮತ್ತು ಯಾವ ದಿನದವರೆಗೆ ಆರ್ಡರ್ ರದ್ದು ಮಾಡಬಹುದು ಎಂಬುದು. ಬಾಯಿಮಾತಿನಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು ಎನಿಸಿದರೂ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಕಳಿಸಿ, ‘ಸರಿ’ ಎಂಬ ಉತ್ತರ ಪಡೆಯಿರಿ. ಮಾದರಿ ಹೀಗಿದೆ:

“ನಮಸ್ಕಾರ. ತಾವು ಕೇಳಿದ 22220 EK C3 ಬೇರಿಂಗ್ (1) ಸದ್ಯ ನಮ್ಮಲ್ಲಿ ಲಭ್ಯವಿಲ್ಲ. ವಿತರಕರಲ್ಲಿ ಲಭ್ಯವಿದ್ದು, ಇಂದು ಆರ್ಡರ್ ಹಾಕಿದರೆ ಶುಕ್ರವಾರ ಸಂಜೆಯೊಳಗೆ ನಮ್ಮ ಅಂಗಡಿಗೆ ತಲುಪುತ್ತದೆ. ಇದಕ್ಕೆ ಹೊಂದುವ ಬದಲಿ ಸದ್ಯ ನಮ್ಮಲ್ಲಿಲ್ಲ. ದರದ ಅರ್ಧದಷ್ಟು ಮುಂಗಡ ಪಾವತಿಸಬೇಕಾಗುತ್ತದೆ. ಇಂದು ಸಂಜೆ 4 ಗಂಟೆಯೊಳಗೆ ತಿಳಿಸಿದರೆ ಆರ್ಡರ್ ರದ್ದು ಮಾಡಬಹುದು. ಮಾಲು ಅಲ್ಲಿಂದ ಹೊರಟ ಮೇಲೆ ಸಾಧ್ಯವಾಗುವುದಿಲ್ಲ. ಒಪ್ಪಿಗೆಯಿದ್ದರೆ ದಯವಿಟ್ಟು ‘ಸರಿ’ ಎಂದು ಉತ್ತರಿಸಿ.”

ದಿನ ಹೇಳುವ ಮೊದಲು ವಿತರಕರಿಗೆ ಫೋನ್ ಮಾಡಿ, ಮಾಲು ಅವರ ರ‍್ಯಾಕಿನಲ್ಲೇ ಇದೆಯೋ ಕಂಪನಿಯಿಂದ ಬರಬೇಕೋ ಎಂದು ಕೇಳಿ. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಅಂಗಡಿಯಲ್ಲಿ ಮಾಲು ಇದ್ದರೆ ರಾತ್ರಿ ಬಸ್ಸಿನ ಪಾರ್ಸೆಲ್ಲಿಗೆ ಹಾಕಿಸಬಹುದು. ಭಾರದ ಮಾಲಾದರೆ ಲಾರಿ ಟ್ರಾನ್ಸ್‌ಪೋರ್ಟಿನಲ್ಲಿ ಬರಬೇಕು, ಅದಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ಭಾನುವಾರವನ್ನೂ ಹಬ್ಬದ ರಜೆಯನ್ನೂ ಲೆಕ್ಕಕ್ಕೆ ಸೇರಿಸಿ. ವಿತರಕರು ಗುರುವಾರ ಎಂದರೆ ಗಿರಾಕಿಗೆ ಶುಕ್ರವಾರ ಎನ್ನುವುದು ಸುಳ್ಳಲ್ಲ, ಎಚ್ಚರಿಕೆ. ‘ಎರಡು ಮೂರು ದಿನದಲ್ಲಿ’ ಎಂದು ಹೇಳಿದರೆ ಗಿರಾಕಿ ಎರಡನೆಯ ದಿನ ಬೆಳಿಗ್ಗೆಯೇ ಬಂದು ನಿಲ್ಲುತ್ತಾರೆ.

ಮುಂಗಡ ಎಷ್ಟು ತೆಗೆದುಕೊಳ್ಳಬೇಕು? ಅದಕ್ಕೆ ಜಿಎಸ್‌ಟಿ ಕಟ್ಟಬೇಕೇ?

ದಿನಾ ಹೋಗುವ ಮಾಲಿಗೆ ಮುಂಗಡ ಕೇಳುವುದು ನನ್ನ ಪ್ರಕಾರ ಅನಗತ್ಯ. ಈ ಗಿರಾಕಿ ಒಯ್ಯದಿದ್ದರೆ ಇನ್ನೊಬ್ಬರು ಒಯ್ಯುತ್ತಾರೆ. ವರ್ಷಕ್ಕೊಂದು ಹೋಗುವ ದೊಡ್ಡ ಬೇರಿಂಗಿಗೆ, ಇಲ್ಲವೇ ಒಬ್ಬರ ಯಂತ್ರಕ್ಕೆ ಮಾತ್ರ ಬರುವ ಮಾಲಿಗೆ ಮುಂಗಡವಿಲ್ಲದೆ ಆರ್ಡರ್ ಹಾಕಬಾರದು. ಎಷ್ಟು ಎಂಬುದನ್ನು ಅಂಗಡಿಯವರೇ ನಿರ್ಧರಿಸಬೇಕು, ಆದರೆ ಎಲ್ಲರಿಗೂ ಒಂದೇ ಇರಲಿ.

ಜಿಎಸ್‌ಟಿ ವಿಷಯದಲ್ಲಿ, ಕಂಪೋಸಿಷನ್ ಯೋಜನೆಯಲ್ಲಿಲ್ಲದ ವ್ಯಾಪಾರಿ ಸರಕಿಗಾಗಿ ಪಡೆದ ಮುಂಗಡದ ಮೇಲೆ ಪಡೆದ ದಿನವೇ ತೆರಿಗೆ ಕಟ್ಟಬೇಕಿಲ್ಲ. 2017ರ ನವೆಂಬರ್ 15ರ ಅಧಿಸೂಚನೆಯಿಂದ ಈ ಸಡಿಲಿಕೆ ಬಂತು. ತೆರಿಗೆ ಮಾಲಿನ ಬಿಲ್ ಹಾಕುವಾಗ ಬರುತ್ತದೆ. ಆದರೆ ಮುಂಗಡಕ್ಕೆ ರಸೀದಿ ವೋಚರ್ ಕೊಡಲೇಬೇಕು, ಮತ್ತು ಮಾಲು ಕೊಡಲಾಗದೆ ಹಣ ವಾಪಸ್ ಮಾಡಿದರೆ ರೀಫಂಡ್ ವೋಚರ್ ಮಾಡಬೇಕು. ಚೀಟಿಯ ಹಿಂದೆ ಮೊತ್ತ ಬರೆದು ಸಹಿ ಹಾಕುವುದು ರಸೀದಿಯಲ್ಲ.

ಹೇಳಿದ ದಿನ ಮಾಲು ಬರುವುದಿಲ್ಲ ಎಂದು ಗೊತ್ತಾದರೆ?

ಗೊತ್ತಾದ ಕೂಡಲೇ ಫೋನ್ ಮಾಡಿ. ಶುಕ್ರವಾರ ಬರಬೇಕಾದದ್ದು ಬರುವುದಿಲ್ಲ ಎಂದು ಬುಧವಾರವೇ ತಿಳಿಸಿದರೆ, ಗಿರಾಕಿ ಫಿಟ್ಟರನ್ನೂ ಕೂಲಿಯವರನ್ನೂ ಬೇರೆ ದಿನಕ್ಕೆ ಕರೆಯಬಹುದು, ಬೇರೆ ಕಡೆ ಪ್ರಯತ್ನಿಸಬಹುದು. ಶುಕ್ರವಾರ ಸಂಜೆ ತಿಳಿಸಿದರೆ ಆ ದಿನದ ಕೂಲಿ ವ್ಯರ್ಥ, ನಮ್ಮ ಮೇಲಿನ ಕೋಪ ಬೇರೆ. ಹೊಸ ದಿನವನ್ನು ಹೇಳುವಾಗ ಮುಂಗಡ ವಾಪಸ್ ಪಡೆಯುವ ಆಯ್ಕೆಯನ್ನೂ ನೀವೇ ಹೇಳಿ, ಅವರು ಕೇಳುವವರೆಗೆ ಕಾಯಬೇಡಿ. ಯಾವ ದಿನದೊಳಗೆ ಎಂಬುದೇ ಮುಖ್ಯವಾಗಿದ್ದ ಒಪ್ಪಂದದಲ್ಲಿ ಆ ದಿನ ತಪ್ಪಿದರೆ ಒಪ್ಪಂದವನ್ನು ಬಿಡುವ ಹಕ್ಕು ಖರೀದಿದಾರನಿಗೆ ಇದೆ ಎಂದು 1872ರ ಭಾರತೀಯ ಕರಾರು ಅಧಿನಿಯಮದ 55ನೇ ಕಲಮು ಹೇಳುತ್ತದೆ. ವಾದ ಮಾಡಿ ಹಣ ಹಿಡಿದಿಟ್ಟುಕೊಳ್ಳುವುದರಲ್ಲಿ ನಮಗೆ ಲಾಭವಿಲ್ಲ.

ಬದಲಿಯ ಬೆಲೆ ಹೆಚ್ಚಿದ್ದರೆ ವ್ಯತ್ಯಾಸವನ್ನು ಯಾರು ಕೊಡಬೇಕು? ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳಬೇಕೇ?

ಗಿರಾಕಿ ಒಪ್ಪಿ ಒಯ್ದರೆ ಅದರ ದರ ಅವರದ್ದೇ, ಆದರೆ ಆ ದರವನ್ನು ಬದಲಿ ಸೂಚಿಸಿದ ಅದೇ ಮಾತಿನಲ್ಲಿ ಹೇಳಿರಬೇಕು. ಬಿಲ್ ಕೈಗೆ ಬಂದಾಗ ಮೊದಲ ಸಲ ತಿಳಿಯುವಂತಾಗಬಾರದು. ತುರ್ತಿನ ಹೆಸರಿನಲ್ಲಿ ಡಬ್ಬಿಯ ಮೇಲಿನ ಎಂಆರ್‌ಪಿ ಮೀರಿ ಕೇಳುವಂತಿಲ್ಲ. ಆರ್ಡರ್ ಬರೆದುಕೊಂಡ ಮೇಲೆ ಕಂಪನಿ ದರ ಏರಿಸಿದರೆ, ಮುಂಗಡ ಪಡೆದ ಆರ್ಡರಿಗೆ ಹಳೆಯ ದರವನ್ನೇ ಉಳಿಸಿಕೊಳ್ಳುವುದು ಒಳ್ಳೆಯ ಪದ್ಧತಿ. ಅದು ಸಾಧ್ಯವಿಲ್ಲ ಎನಿಸಿದರೆ ‘ಬಂದ ದಿನದ ದರ’ ಎಂದು ಮೊದಲ ಸಂದೇಶದಲ್ಲೇ ಬರೆದಿರಿ.

ವಾಪಸ್ ವಿಷಯದಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಗಿರಾಕಿಯೇ ಸಂಖ್ಯೆ ಹೇಳಿ ಒಯ್ದ ಮಾಲು ಮತ್ತು ನಾವು ಸೂಚಿಸಿದ ಬದಲಿ ಒಂದೇ ಅಲ್ಲ. ನಾವು ಸೂಚಿಸಿದ್ದು ಅಳತೆಯಲ್ಲಿ ಹೊಂದದಿದ್ದರೆ, ಕೂರಿಸದ ಸ್ಥಿತಿಯಲ್ಲಿರುವಾಗ ಪ್ಲಾಸ್ಟಿಕ್ ಕವರ್ ಒಡೆದಿದ್ದರೂ ತೆಗೆದುಕೊಳ್ಳಬೇಕು. ಸುತ್ತಿಗೆಯಿಂದ ಬಡಿದು ಶಾಫ್ಟಿಗೆ ಏರಿಸಿದ್ದ ಬೇರಿಂಗನ್ನು ತೆಗೆದುಕೊಳ್ಳುವಂತಿಲ್ಲ. ಒಳರಿಂಗಿನ ಮುಖದ ಮೇಲೆ ಬಡಿದ ಗುರುತು ಇರುತ್ತದೆ. ಬೆರಳಲ್ಲಿ ತಿರುಗಿಸಿದರೆ ಕಟಕಟ ಎನ್ನುತ್ತದೆ. ಈ ನಿಯಮವನ್ನು ಮಾಲು ಕೊಡುವಾಗಲೇ ತಿಳಿಸಿ.

ನಮ್ಮಲ್ಲಿಲ್ಲದ್ದು ಪಕ್ಕದ ಅಂಗಡಿಯಲ್ಲಿದೆ ಎಂದು ಗೊತ್ತಿದೆ. ಹೇಳಬೇಕೇ?

ಯಂತ್ರ ನಿಂತಿದ್ದರೆ ಹೇಳಿ. ಇಲ್ಲವೇ ನೀವೇ ತರಿಸಿ, ಅದೇ ದರಕ್ಕೆ ಕೊಡಿ. ನಮ್ಮ ಬಜಾರಿನಲ್ಲಿ ಅಂಗಡಿಯಿಂದ ಅಂಗಡಿಗೆ ಮಾಲು ಕೈಬದಲು ಹೋಗಿ ಬರುವುದು ದಿನದ ಮಾತು. ಮಾರಾಟದ ದಾಖಲೆ ಸರಿಯಾಗಿರುವಂತೆ ಅವರಿಂದ ಬಿಲ್ ಪಡೆದುಕೊಳ್ಳಿ.

ಆರ್ಡರ್ ಹಾಕಿದ್ದಕ್ಕಿಂತ ಕಡಿಮೆ ಮಾಲು ಬಂದಿದೆ, ಕಾಯುತ್ತಿರುವವರು ಮೂವರು. ಯಾರಿಗೆ ಕೊಡಬೇಕು?

ಆರ್ಡರ್ ಬರೆಸಿದ ಸರದಿಯಂತೆ ಕೊಡಿ. ದೊಡ್ಡ ಗಿರಾಕಿ, ಹಳೆಯ ಗಿರಾಕಿ ಎಂದು ಸರದಿ ತಪ್ಪಿಸಿದರೆ ಸುದ್ದಿ ಅದೇ ದಿನ ಹರಡುತ್ತದೆ. ಗಿರಣಿಯವರೆಲ್ಲ ಒಬ್ಬರಿಗೊಬ್ಬರು ಪರಿಚಯದವರು. ಸರದಿಯಲ್ಲಿ ಮೊದಲಿನವರ ಯಂತ್ರ ಓಡುತ್ತಿದ್ದು ಮೂರನೆಯವರದ್ದು ನಿಂತಿದ್ದರೆ, ಮೊದಲಿನವರನ್ನೇ ಕೇಳಿ: “ನಿಮ್ಮ ಸರದಿ ಇದೆ. ಒಬ್ಬರ ಗಿರಣಿ ನಿಂತಿದೆ. ಒಂದು ದಿನ ಬಿಟ್ಟುಕೊಡುತ್ತೀರಾ?” ಸಾಮಾನ್ಯವಾಗಿ ಒಪ್ಪುತ್ತಾರೆ. ಒಪ್ಪದಿದ್ದರೆ ಮಾಲು ಅವರದ್ದು. ಉಳಿದ ಇಬ್ಬರಿಗೆ ಹೊಸ ದಿನವನ್ನು ಅದೇ ಸಂಜೆ ತಿಳಿಸಿ, ಆರ್ಡರ್ ಪುಸ್ತಕದಲ್ಲಿ ಹಳೆಯ ದಿನವನ್ನು ಅಳಿಸದೆ ಅದರ ಪಕ್ಕದಲ್ಲೇ ಹೊಸದನ್ನು ಬರೆದಿಡಿ.